ಇಳಕಲ್ ಸೀರಿ ಪೇಜಿಗೆ ಎಐ ನಿಯಮ: ಗುಂಪಿನ ಪ್ರಶ್ನೋತ್ತರ

ಸೀರಿ ಅಂಗಡಿ, ಇಳಕಲ್: ಮೇಡಮ್ಮರ, ನಮ್ಮ ಅಂಗಡಿ ಇನ್‌ಸ್ಟಾ ಪೇಜ್ ನಮ್ಮ ತಮ್ಮನ ಮಗ ನೋಡ್ತಾನ. ಮಗ್ಗದ ಮುಂದ ಕುಂತ ಒಬ್ಬ ಅಜ್ಜಿ ಚಿತ್ರ ಎಐನಾಗ ಮಾಡಿ, ‘ಐವತ್ತು ವರ್ಷದಿಂದ ನಮಗಾಗಿ ನೇಯುವ ಅಜ್ಜಿ’ ಅಂತ ಹಾಕ್ಯಾನ. ಭಾಳ ಮಂದಿ ಶೇರ್ ಮಾಡ್ಯಾರ. ಈಗ ಅಮೆರಿಕದಾಗಿರೋ ಒಬ್ಬರು ‘ಅಜ್ಜಿಗೆ ರೊಕ್ಕ ಕಳಸ್ತೀವಿ, ನಂಬರ್ ಕೊಡ್ರಿ’ ಅನ್ನಾಕತ್ತಾರ. ಅಂಥ ಅಜ್ಜಿ ಯಾರೂ ಇಲ್ಲ. ಪೋಸ್ಟ್ ಅಳಿಸಿಬಿಡೂಣೇನ್ರಿ? ಮುಂದ ಹಿಂಗ ಆಗಬಾರದಂದ್ರ ಏನು ನಿಯಮ ಇಟ್ಕೋಬೇಕು?

ಮೇಡಂ, ಬೆಳಗಾವಿ: ಸುಮ್ಮನ ಅಳಿಸಬ್ಯಾಡ್ರಿ. ಸ್ಕ್ರೀನ್‌ಶಾಟ್ ಆಗಲೇ ಊರೆಲ್ಲ ಅಡ್ಡಾಡ್ಯಾವ. ನೀವು ಅಳಿಸಿದ್ರ ಮುಚ್ಚಿಟ್ರು ಅನ್ನೂ ಮಾತು ಉಳೀತದ, ನಂಬಿದವರು ನಂಬಿಕೊಂಡೇ ಇರ್ತಾರ.

ಮೊದಲು ಆ ಅಮೆರಿಕದವರಿಗೆ ಇವತ್ತೇ ಉತ್ತರ ಬರೀರಿ. ಆ ಹುಡುಗ ಅಲ್ಲ, ಮಾಲಕರಾಗಿ ನೀವು, ನಿಮ್ಮ ಹೆಸರು ಹಾಕಿ. ಅಂಥ ಅಜ್ಜಿ ಇಲ್ಲ, ಚಿತ್ರ ಎಐನಾಗ ಮಾಡಿದ್ದು, ರೊಕ್ಕ ಕಳಸಬ್ಯಾಡ್ರಿ, ಇಷ್ಟು ಹೇಳ್ರಿ. ‘ಅಜ್ಜಿಯ ಬದಲಿಗೆ ಬ್ಯಾರೆ ನೇಕಾರರಿಗೆ ಕೊಡ್ರಿ’ ಅಂತ ಅದಾ ಉತ್ತರದಾಗ ಸೇರಿಸಬ್ಯಾಡ್ರಿ. ಸುಳ್ಳು ಚಿತ್ರದಿಂದ ಹುಟ್ಟಿದ ಕನಿಕರಾನ ಇನ್ನೊಂದು ಕಡೆ ತಿರುವಿದಂಗ ಆಗತದ. ಯಾರರೇ ಆಗಲೇ ಕಳಿಸಿದ್ರ ತಿರುಗಿ ಕೊಡ್ರಿ.

ಆಮ್ಯಾಲೆ ಪೋಸ್ಟ್. ಹಾಕಿದ ಚಿತ್ರ ಬದಲಿ ಮಾಡಾಕ ಆಗೂದಿಲ್ಲ, ಆದ್ರ ಅದರ ಕೆಳಗಿನ ಬರಹ ತಿದ್ದಬಹುದು. ಮೊದಲ ಸಾಲಿನಾಗ, ‘ಇನ್ನಷ್ಟು’ ಒತ್ತದೇ ಕಾಣೂ ಹಂಗ, ‘ತಿದ್ದುಪಡಿ: ಇದು ಎಐ ಚಿತ್ರ, ಈ ಅಜ್ಜಿ ನಿಜವಾಗಿ ಇಲ್ಲ, ನಾವು ಹಂಗ ಬರೆದದ್ದು ತಪ್ಪು’ ಅಂತ ಹಾಕ್ರಿ. ಅದನ್ನ ಕಮೆಂಟಿನಾಗೂ ಬರೆದು ಪಿನ್ ಮಾಡ್ರಿ. ಅದಕ್ಕ ಜಾಹೀರಾತು ರೊಕ್ಕ ಹಾಕಿದ್ರ ಈಗಿಂದೀಗ ನಿಲ್ಲಸ್ರಿ. ಶೇರ್ ಮಾಡಿದವರ ಲಿಂಕಿನಿಂದ ಬರೋರು ತಿದ್ದುಪಡಿ ನೋಡಲಿ ಅಂತ ಸ್ವಲ್ಪ ದಿನ ಹಂಗs ಬಿಟ್ಟು, ಮಂದಿ ಬರೋದು ನಿಂತ ಮ್ಯಾಲೆ ಆರ್ಕೈವ್ ಮಾಡ್ರಿ.

ಮೂರನೇದ್ದು ಎಲ್ಲಾರೂ ಮರೆಯೂದು. ಆ ಪೋಸ್ಟ್ ನೋಡಿ ಸೀರಿ ತಗೊಂಡವರು ಯಾರು? ವಾಟ್ಸಾಪ್ ಆರ್ಡರ್ ತಗದು ನೋಡ್ರಿ. ‘ಅಜ್ಜಿ ನೇಯ್ದದ್ದು’ ಅಂತ ನಂಬಿ ತಗೊಂಡವರಿಗೆ ಸೀರಿ ತಿರುಗಿ ಕೊಡೂ ಅವಕಾಶ ಕೊಡ್ರಿ. ಸುಳ್ಳು ಹೇಳಿ ಮಾರಿದ್ದಕ್ಕ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮೊದಲೇ ಅದ. ಚಿತ್ರ ಎಐ ಮಾಡಿತೋ ಮನಿಷಾ ಮಾಡಿದ್ನೋ ಅದಕ್ಕ ಬೇಕಾಗಿಲ್ಲ. ನಿಯಮದ್ದು ಆಮ್ಯಾಲೆ ಬರೀತೀನಿ, ಮೊದಲು ಆ ಚಿತ್ರ ಇಲ್ಲಿ ಹಾಕ್ರಿ.

ಕರದಂಟು ಅಂಗಡಿ, ಅಮೀನಗಡ: ಮೇಡಮ್ಮರ, ಎಐ ಕಡೆಯಿಂದ ಕ್ಯಾಪ್ಷನ್ ಬರಸಬಹುದಾ?

ಮೇಡಂ, ಬೆಳಗಾವಿ: ಬರಸ್ರಿ. ಓದಿ, ನಿಮ್ಮ ಮಾತಿಗೆ ತಿದ್ದಿ, ತೂಕ-ಬೆಲೆ ನೀವೇ ನೋಡಿ ಹಾಕ್ರಿ.

ಉಪನ್ಯಾಸಕ, ವಿಜಯಪುರ: ಇಷ್ಟೆಲ್ಲಾ ಯಾಕ ಬೇಕು? ಬಯೋದಾಗ ‘ನಾವು ಎಐ ಬಳಸ್ತೀವಿ’ ಅಂತ ಒಂದು ಸಾಲು ಹಾಕಿ ಬಿಟ್ರ ಮುಗೀತು. ಈಗ ಕಾನೂನು ಬಂದದ, ಚಿತ್ರದ ಹತ್ತರಾಗ ಒಂದು ಭಾಗ ಲೇಬಲ್ ಇರಬೇಕು ಅಂತ.

ಮೇಡಂ, ಬೆಳಗಾವಿ: ಸರ್, ಅರ್ಧ ಖರೆ. ಹತ್ತು ಶೇಕಡಾ ಅನ್ನೂದು ಕೇಂದ್ರ ಸರ್ಕಾರದ 2025ರ ಅಕ್ಟೋಬರ್ ಕರಡಿನಾಗ ಇತ್ತು. 2026ರ ಫೆಬ್ರುವರಿ 20ರಿಂದ ಜಾರಿಗೆ ಬಂದ ನಿಯಮದಾಗ ಆ ಅಳತಿ ಇಲ್ಲ, ಲೇಬಲ್ ಎದ್ದು ಕಾಣಬೇಕು ಅಂತ ಅದ. ನಿಜದಂಗ ಕಾಣೂ ಎಐ ಚಿತ್ರ, ವಿಡಿಯೋ, ಧ್ವನಿ ಹಾಕೋರು ಹಂಗಂತ ಘೋಷಿಸಬೇಕು. ಬೆಳಕು, ಬಣ್ಣ ಸರಿ ಮಾಡೂದಕ್ಕ ಲೇಬಲ್ ಬ್ಯಾಡ. ಬಯೋ ಸಾಲು ಯಾರೂ ಓದೂದಿಲ್ಲ. ಶೇರ್ ಆದ ಚಿತ್ರದ ಸಂಗಡ ಬಯೋ ಹೋಗೂದೂ ಇಲ್ಲ.

ಸೀರಿ ಅಂಗಡಿ, ಇಳಕಲ್: ಚಿತ್ರ ಹಾಕೀನ್ರಿ, ನೋಡ್ರಿ.

ಮೇಡಂ, ಬೆಳಗಾವಿ: ದೊಡ್ಡದು ಮಾಡಿ ನೋಡಿದೆ. ಅಜ್ಜಿ ಪದ್ಮಾಸನ ಹಾಕಿ ಕುಂತಾಳ. ಕುಣಿ ಇಲ್ಲ, ಕಾಲಾಗ ಪೆಡಲ್ ಇಲ್ಲ, ಕೈಯಾಗ ಲಾಳಿ ಇಲ್ಲ. ಎಳಿ ಅರ್ಧಕ್ಕ ಮಾಯ ಆಗ್ಯಾವ. ಸೆರಗಂತೂ ತುಂಬಾ ಬಂಗಾರದ ಜರಿ. ಕೆಂಪು ರೇಷ್ಮಿ ಸೆರಗಿನ ಮ್ಯಾಲೆ ಬಿಳಿ ಟೋಪು ತೆನಿ ಇಲ್ಲದ ಸೀರಿ ತೋರಿಸಿ ಇಳಕಲ್ ಅಂದ್ರ ನಿಮ್ಮೂರಾಗ ಸಣ್ಣ ಹುಡುಗರೂ ಹಿಡೀತಾರ. ಒಡಲಿನ ಹಾಸು ಎಳಿಗೆ ಸೆರಗಿನ ಹಾಸು ಎಳಿ ಕೊಂಡಿ ಹಾಕಿ ಕೂಡಿಸೂದು ನಿಮ್ಮ ಸೀರಿಯ ಗುರುತು. ಆ ಯಂತ್ರಕ್ಕ ಅದು ಗೊತ್ತಿಲ್ಲ, ‘ಭಾರತದ ರೇಷ್ಮಿ ಸೀರಿ’ ಅಂದ್ರ ಅದಕ್ಕ ಜರಿನೇ ನೆನಪಾಗೂದು. ನಿಮ್ಮ ನಿಯಮ ಹುಟ್ಟಬೇಕಾದದ್ದು ಇಲ್ಲಿಂದ. ಗಿರಾಕಿ ರೊಕ್ಕ ಕೊಡೂದು ಯಾವುದನ್ನ ನಂಬಿ? ಸೀರಿ, ನೇಯ್ದವರು, ನಿಮ್ಮ ಮಾತು. ಈ ಮೂರರಾಗ ಇಲ್ಲದ್ದನ್ನ ಎಐ ಹುಟ್ಟಿಸಬಾರದು.

ಬಿಳಿ ಹಾಳಿ ಮ್ಯಾಲೆ ಹಿಂಗ ಬರೀರಿ. ಮಾರೂ ಸೀರಿ ಚಿತ್ರ ಯಾವತ್ತೂ ಎಐನಾಗ ಹುಟ್ಟಬಾರದು. ಕ್ಯಾಮೆರಾದಾಗ ತಗದು ಬೆಳಕು ಸರಿ ಮಾಡಬಹುದು, ಹಿನ್ನೆಲಿ ಕತ್ತರಿಸಬಹುದು, ಆದ್ರ ತಿದ್ದಿದ ಮ್ಯಾಲೆ ಸೀರಿನ ಪಕ್ಕಕ್ಕಿಟ್ಟು ಬಣ್ಣ ಹೋಲಿಸಬೇಕು. ಇಲ್ಲದ ನೇಕಾರ, ಇಲ್ಲದ ಗಿರಾಕಿ, ಇಲ್ಲದ ಅಭಿಪ್ರಾಯ ಸೃಷ್ಟಿ ಮಾಡಬಾರದು. ಇರೋ ನೇಕಾರರ ಮಾರಿ, ಧ್ವನಿ ಎಐಗೆ ಹಾಕಬೇಕಂದ್ರ ಅವರಿಗೆ ಮೊದಲು ತೋರಿಸಿ, ಬರವಣಿಗ್ಯಾಗ ಒಪ್ಪಿಗಿ ತಗೋಬೇಕು. ಕ್ಯಾಪ್ಷನ್ ಮೊದಲ ಕರಡು, ಇಂಗ್ಲಿಷಿಗೆ ಅನುವಾದ, ವಿಡಿಯೋಕ್ಕ ಅಕ್ಷರ, ಹಬ್ಬದ ಅಲಂಕಾರದ ಚಿತ್ರ, ಇದಕ್ಕೆಲ್ಲ ಬಳಸಬಹುದು. ಗಿರಾಕಿಗಳ ಹೆಸರು, ನಂಬರು, ವಿಳಾಸ ಎಐಗೆ ಹಾಕಬಾರದು.

ಕಡೀಗೆ ಒಬ್ಬರ ಹೆಸರು ಬರೀರಿ, ಪೋಸ್ಟಿಗೆ ‘ಹೂಂ’ ಅನ್ನೋರು. ನಿಮ್ಮ ಮನ್ಯಾಗ ಸೀರಿ ಗೊತ್ತಿದ್ದವರೇ ಆಗಬೇಕು. ಹುಡುಗನಿಗೆ ಆ್ಯಪ್ ಗೊತ್ತು, ಗೋಮಿ ದಡಿ ಯಾವುದು, ಚಿಕ್ಕಿ ಪರಾಸ್ ಯಾವುದು ಅನ್ನೂದು ಗೊತ್ತಿಲ್ಲ. ಒಂದು ನೋಟ್‌ಬುಕ್ಕಿನಾಗ ತಾರೀಖು, ಯಾವ ಪೋಸ್ಟು, ಎಐ ಏನು ಮಾಡಿತು, ಯಾರು ನೋಡಿದ್ರು ಬರೆದಿಡ್ರಿ. ನಾಳೆ ಯಾರರೇ ಕೇಳಿದ್ರ ಅದೊಂದೇ ಕೈ ಹಿಡಿಯೂದು.

ಗುಂಪಿನ ಸದಸ್ಯ, ಮುಧೋಳ: ಫಾರ್ವರ್ಡ್ ಬಂದೈತಿ ನೋಡ್ರಿ: ‘ಎಐ ಚಿತ್ರಾನ ಸ್ಕ್ರೀನ್‌ಶಾಟ್ ತಗದು ಹಾಕಿದ್ರ ಇನ್‌ಸ್ಟಾ ಎಐ ಅಂತ ತೋರಿಸೂದಿಲ್ಲ. ಎಲ್ಲಾ ವ್ಯಾಪಾರಿಗಳಿಗೂ ಕಳಸ್ರಿ.’

ಮೇಡಂ, ಬೆಳಗಾವಿ: ಇದನ್ನ ಯಾರೂ ಮುಂದ ಕಳಸಬ್ಯಾಡ್ರಿ. ಕೆಲವು ಆ್ಯಪ್ ಚಿತ್ರದೊಳಗ ‘ಎಐ’ ಅನ್ನೂ ಗುರುತು ಅಡಗಿಸಿಡ್ತಾವ, ಸ್ಕ್ರೀನ್‌ಶಾಟಿನಾಗ ಅದು ಕಳೀಬಹುದು. ಆದ್ರ ಗುರುತು ಕಳೆದ ಕೂಡಲೇ ನಿಮ್ಮ ಜವಾಬ್ದಾರಿ ಕಳೀತದೇನು? ತಿಳಿಯದೇ ಮಾಡಿದ್ದು ಅನ್ನಾಕ ಇದ್ದ ಒಂದು ಮಾತೂ ಹೋಗತದ. ಎಐ ಹಿಡಿಯೂ ವೆಬ್‌ಸೈಟ್ ಲಿಂಕೂ ಕಳಸಬ್ಯಾಡ್ರಿ. ಅವು ಒಮ್ಮೊಮ್ಮೆ ಖರೆ ಫೋಟೋನ ಸುಳ್ಳು ಅಂತಾವ, ಸುಳ್ಳನ್ನ ಖರೆ ಅಂತಾವ.

ನೇಕಾರ, ಗುಳೇದಗುಡ್ಡ: ಎಐ ಅಜ್ಜಿ ಬಗ್ಗೆ ಇಷ್ಟು ಮಾತಾಡಾಕತ್ತೀರಿ. ಪಾವರ್‌ಲೂಮ್ ಸೀರಿಗೆ ‘ಕೈಮಗ್ಗ’ ಅಂತ ಕ್ಯಾಪ್ಷನ್ ಹಾಕೋರು ಎಷ್ಟು ಮಂದಿ? ಅದಕ್ಕ ಯಾವ ಲೇಬಲ್?

ಸೀರಿ ಅಂಗಡಿ, ಇಳಕಲ್: ಎಲ್ಲಾರನ್ನೂ ಒಂದs ಚೀಲಕ್ಕ ಹಾಕಬ್ಯಾಡ್ರಿ. ನಾವು ಎರಡೂ ಮಾರ್ತೀವಿ, ಅಂಗಡ್ಯಾಗ ಹೇಳೇ ಮಾರ್ತೀವಿ.

ನೇಕಾರ, ಗುಳೇದಗುಡ್ಡ: ಅಂಗಡ್ಯಾಗ ಹೇಳ್ತೀರಿ, ಇನ್‌ಸ್ಟಾದಾಗ ಹೇಳ್ತೀರೇನು? ನಿಮ್ಮ ಪೇಜ್ ಈಗ ನೋಡೀನಿ. ಎಲ್ಲಾದಕ್ಕೂ ‘ಪಾರಂಪರಿಕ ಇಳಕಲ್’ ಅಂತ ಒಂದs ಮಾತು. ಖಣ ನೇಯೋರ ಮಕ್ಕಳು ಕೂಲಿಗೆ ಹೋಗಾಕತ್ತಾರ, ನೀವು ಇಲ್ಲದ ಅಜ್ಜಿ ತೋರಿಸಿ ಮಾರ್ತೀರಿ. ನಮ್ಮವ್ವ ಕಂಡಿಕಿ ಸುತ್ತತಾಳ, ಆಕಿ ಫೋಟೋ ತಗೋಬಾರದಿತ್ತೇನು?

ಸೀರಿ ಅಂಗಡಿ, ಇಳಕಲ್: ಕ್ಯಾಪ್ಷನ್ ಆ ಹುಡುಗ ಎಐನಿಂದ ಬರಸ್ತಾನ್ರಿ, ಅದು ಹಂಗ ಬರೀತೈತಿ.

ಮೇಡಂ, ಬೆಳಗಾವಿ: ಅದು ಬರೀತದ ಅನ್ನೂದು ಉತ್ತರ ಅಲ್ಲ. ನೇಕಾರರು ಕೇಳಿದ್ದು ಸರಿಯಾಗೇ ಅದ. ಪ್ರತಿ ಸೀರಿ ಕೆಳಗ ಕೈಮಗ್ಗನೋ ಪಾವರ್‌ಲೂಮೋ, ಒಡಲು ಹತ್ತಿನೋ ರೇಷ್ಮಿನೋ, ಸೆರಗು ಏನು, ನೀವೇ ಬರೆದು ಕೊಡ್ರಿ, ಆಮ್ಯಾಲೆ ಎಐ ಅದರ ಸುತ್ತ ಎರಡು ಸಾಲು ಬರೀಲಿ. ‘ಪಾರಂಪರಿಕ’, ‘ಶುದ್ಧ’, ‘ಕೈಯಿಂದ ನೇಯ್ದ’ ಅನ್ನೂ ಮಾತು ಅದು ತಾನಾಗೇ ಸೇರಿಸಿದ್ರ ಹೊಡೆದು ಹಾಕ್ರಿ. ನೇಕಾರರ ತಾಯಿ ಫೋಟೋ ಬೇಕಂದ್ರ ಅವರನ್ನ ಕೇಳ್ರಿ, ಅವರ ಹೆಸರು ಹಾಕ್ರಿ, ಅವರಿಗೆ ರೊಕ್ಕ ಕೊಡ್ರಿ.

ಕರದಂಟು ಅಂಗಡಿ, ಅಮೀನಗಡ: ನಮ್ಮಲ್ಲಿ ಒಬ್ಬರು ಕರದಂಟು ವಾಸನಿ ಬರತೈತಿ ಅಂತ ಫೋಟೋ ಸಮೇತ ಹಾಕಿದ್ರು. ತಾನಾಗೇ ಉತ್ತರ ಕೊಡೂ ವ್ಯವಸ್ಥೆ ‘ನಿಮ್ಮ ಪ್ರೀತಿಗೆ ಧನ್ಯವಾದ, ಮತ್ತೆ ಬನ್ನಿ’ ಅಂದೈತಿ. ಈಗ ಆ ಸ್ಕ್ರೀನ್‌ಶಾಟ್ ಓಡಾಡಾಕತ್ತೈತಿ.

ಮೇಡಂ, ಬೆಳಗಾವಿ: ಅಂಗಡಿ ವೇಳೆ, ದಾರಿ, ಕೊರಿಯರ್ ಎಲ್ಲಿಗೆ ಹೋಗತದ, ಅಷ್ಟಕ್ಕೇ ಬಿಡ್ರಿ ಅದನ್ನ. ದೂರು, ರೊಕ್ಕ, ಆರೋಗ್ಯದ ಮಾತು ಬಂದ್ರ ಅದು ಸುಮ್ಮನಾಗಿ ಮನಿಷ್ಯಾರಿಗೆ ದಾಟಿಸಬೇಕು. ಈಗ ಆ ಗಿರಾಕಿಗೆ ಫೋನ್ ಹಚ್ಚಿ ಮಾತಾಡ್ರಿ. ಆ ತಾರೀಖಿನ ಡಬ್ಬಿ ಬ್ಯಾರೆ ಯಾರ್‍ಯಾರಿಗೆ ಹೋಗ್ಯಾವ ಅದನ್ನೂ ನೋಡ್ರಿ.



ಗುಂಪಿನ ಸದಸ್ಯ, ಜಮಖಂಡಿ: ಎಐನಿಂದ ಕ್ಯಾಪ್ಷನ್ ಬರಸೂದು ತಪ್ಪಾ?

ಮೇಡಂ, ಬೆಳಗಾವಿ: ಮ್ಯಾಲೆ ಓದ್ರಿ.

ಫೋಟೋ ಸ್ಟುಡಿಯೋ, ವಿಜಯಪುರ: ಮೇಡಂ, ನೀವು ಭಾಳ ಬಿಗಿ ಮಾಡ್ತೀರಿ. ಖರೆ ಸೀರಿ ಫೋಟೋ ತಗದು, ಉಡೋ ಹುಡುಗಿನ ಮಾತ್ರ ಎಐನಿಂದ ಮಾಡಿದ್ರ ಏನು ತಪ್ಪು? ಸೀರಿ ಖರೇನೇ ಅದ. ಮಾಡೆಲ್ ಖರ್ಚು ಸಣ್ಣ ಅಂಗಡಿಯವರಿಗೆ ಎಲ್ಲಿ ಸಾಧ್ಯ? ಲೇಬಲ್ ಹಾಕ್ತೀವಲ್ಲ.

ಮೇಡಂ, ಬೆಳಗಾವಿ: ಖರ್ಚಿನ ಮಾತು ಖರೆ. ಆದ್ರ ಆ ಆ್ಯಪ್ ನಿಮ್ಮ ಸೀರಿನ ಎತ್ತಿ ಉಡಸೂದಿಲ್ಲ, ನೋಡಿ ಹೊಸದಾಗಿ ಬರೀತದ. ನಿರಗಿ ಹತ್ತರ, ಭುಜದ ಮ್ಯಾಲೆ ದಡಿ ತಿರುಗೂ ಕಡೆ ದೊಡ್ಡದು ಮಾಡಿ ನೋಡ್ರಿ. ದಡಿಯ ಗೆರಿ ಎಣಸ್ರಿ, ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಮೂರು ಇರ್ತಾವ. ಟೋಪು ತೆನಿಯ ತುದಿ ಕರಗಿರ್ತಾವ. ಗಿರಾಕಿ ಅದನ್ನ ನೋಡಿ ಆರ್ಡರ್ ಮಾಡಿ, ಬಂದ ಸೀರಿ ಹಂಗಿಲ್ಲ ಅಂತ ತಿರುಗಿ ಕಳಸ್ತಾಳ. ಲೇಬಲ್ ಇದ್ರೂ ಸೀರಿ ಬ್ಯಾರೆ ಅನ್ನೂದು ತಪ್ಪೂದಿಲ್ಲ.

ಉಪನ್ಯಾಸಕ, ವಿಜಯಪುರ: ಲೇಬಲ್ ಹಾಕಿದ ಮ್ಯಾಲೆ ನೋಡೋರ ಜವಾಬ್ದಾರಿ. ಕಾನೂನು ಅಷ್ಟೇ ಹೇಳ್ತದ.

ನೇಕಾರ, ಗುಳೇದಗುಡ್ಡ: ಸರ್, ನೀವು ಒಂದು ಖಣಾನಾದ್ರೂ ಕೊಂಡೀರಾ?

ಉಪನ್ಯಾಸಕ, ವಿಜಯಪುರ: ವೈಯಕ್ತಿಕ ಮಾತು ಬ್ಯಾಡ.

ಮೇಡಂ, ಬೆಳಗಾವಿ: ಇಬ್ಬರೂ ಬಿಡ್ರಿ. ಸರ್, ಲೇಬಲ್ ಮತ್ತು ಖರೆ ಹೇಳೂದು, ಎರಡೂ ಬ್ಯಾರೆ. ನಾನು ಒಪ್ಪೂದಿಲ್ಲ, ನೀವೂ ಒಪ್ಪೂದಿಲ್ಲ, ಇಲ್ಲಿಗೆ ಸಾಕು.

ಫೋಟೋ ಸ್ಟುಡಿಯೋ, ವಿಜಯಪುರ: ಹೊಸ ಆ್ಯಪಿನಾಗ ದಡಿ ಸರಿ ಬರ್ತದ ಮೇಡಂ. ನೀವು ಹಳೇದ್ದು ನೋಡೀರಿ.

ಮೇಡಂ, ಬೆಳಗಾವಿ: ಹಂಗಾರ ಒಂದು ಸೀರಿದು ಕ್ಯಾಮೆರಾದ ಫೋಟೋ, ಆ್ಯಪಿನ ಫೋಟೋ ಎರಡೂ ಪೂರ್ತಿ ಅಳತಿದು ಕಳಸ್ರಿ, ವಾಟ್ಸಾಪಿನಾಗ ಡಾಕ್ಯುಮೆಂಟ್ ಮಾಡಿ. ನೋಡಿ ಹೇಳ್ತೀನಿ.

ಸೀರಿ ಅಂಗಡಿ, ಇಳಕಲ್: ಅಮೆರಿಕದವರಿಗೆ ಬರೆದೆ ಮೇಡಮ್ಮರ. ‘ಬೇಜಾರಾತು, ಹೇಳಿದ್ದಕ್ಕ ಥ್ಯಾಂಕ್ಸ್’ ಅಂದ್ರು. ಆರ್ಡರ್ ಕ್ಯಾನ್ಸಲ್ ಮಾಡ್ಯಾರ. ತಿದ್ದುಪಡಿ ಹಾಕೀವಿ, ಬೈಗುಳ ಬರಾಕತ್ತಾವ. ಕಮೆಂಟ್ ಬಂದ್ ಮಾಡೂಣೇನು?

ಮೇಡಂ, ಬೆಳಗಾವಿ: ಬ್ಯಾಡ. ಹೊಲಸು ಮಾತು ಅಷ್ಟೇ ತಗೀರಿ, ಉಳಿದದ್ದಕ್ಕ ಒಂದೊಂದಕ್ಕೂ ನೀವೇ ಉತ್ತರ ಬರೀರಿ. ಎಐ ಕಡೆಯಿಂದ ಬರಸಬ್ಯಾಡ್ರಿ.