ಬೇರೆ ಬೇರೆ ಊರುಗಳಲ್ಲಿರುವ ಐವರ ಗುಂಪುಚಿತ್ರ: ಅಳತೆಯೂ ಬೆಳಕೂ ಹೊಂದುತ್ತಿಲ್ಲ

ಐವರಲ್ಲೊಬ್ಬ
ಗೆಳೆಯರಾದ ನಾವು ಐವರು ಐದು ಊರುಗಳಲ್ಲಿದ್ದೇವೆ. ಪ್ರತಿಯೊಬ್ಬರೂ ನಿಂತು ಮೊಬೈಲಿನಲ್ಲಿ ತೆಗೆದು ಕಳುಹಿಸಿದ ಫೋಟೊಗಳನ್ನು ಕತ್ತರಿಸಿ, ಬೂದು ಹಿನ್ನೆಲೆಯೊಂದರ ಮೇಲೆ ಪದರಗಳಾಗಿ ಜೋಡಿಸಿದ್ದೇನೆ. ಪಾದಗಳನ್ನು ಒಂದೇ ಗೆರೆಗೆ ತಂದಿದ್ದರೂ ಇಬ್ಬರು ನೆಲ ಬಿಟ್ಟು ತೇಲಿದಂತೆ ಕಾಣುತ್ತಾರೆ, ಒಬ್ಬರ ತಲೆ ಮೈಗಿಂತ ದೊಡ್ಡದೆನಿಸುತ್ತದೆ. ಬಣ್ಣ ಸರಿಪಡಿಸಿದ ಮೇಲೂ ಒಟ್ಟಿಗೆ ನಿಂತವರಂತೆ ತೋರುತ್ತಿಲ್ಲ. ಕಾರಣವೇನಿರಬಹುದು?

ಅಳತೆಪಟ್ಟಿ
ಇದು ಬರಿಯ ಲೆಕ್ಕದ ವಿಷಯ. ಎಲ್ಲರ ನಿಜವಾದ ಎತ್ತರವನ್ನು ಕೇಳಿ ತಿಳಿದುಕೊಂಡು, 180 ಸೆಂ.ಮೀ. ಇರುವವರನ್ನು 1800 ಪಿಕ್ಸೆಲ್‌ಗೂ 155 ಸೆಂ.ಮೀ. ಇರುವವರನ್ನು 1550 ಪಿಕ್ಸೆಲ್‌ಗೂ ಹಿಗ್ಗಿಸಿ ಅಥವಾ ಕುಗ್ಗಿಸಿದರೆ ಸಾಕು.

ಹಳೆಯ ಆಲ್ಬಮ್
ನಮ್ಮ ಮನೆಯ ಗುಂಪುಚಿತ್ರದಲ್ಲಿ ಒಬ್ಬರು ಕಣ್ಣು ಮುಚ್ಚಿದ್ದರು. ಅದರ ಮುಂದಿನ ಫೋಟೊದಿಂದ ಅವರ ಮುಖವನ್ನು ತೆಗೆದು ಕೂರಿಸಿದೆ, ಗುರುತೇ ಸಿಗಲಿಲ್ಲ. ನೀವೂ ಅಂಚುಗಳನ್ನು ಸ್ವಲ್ಪ ಮೃದುಗೊಳಿಸಿ ನೋಡಿ.

ಕಿಟಕಿಬೆಳಕು
ಹಳೆಯ ಆಲ್ಬಮ್ ಅವರೇ, ನಿಮ್ಮ ಎರಡೂ ಫೋಟೊಗಳು ಒಂದೇ ಕ್ಯಾಮೆರಾದಿಂದ, ಒಂದೇ ಜಾಗದಿಂದ, ಒಂದೇ ಬೆಳಕಿನಲ್ಲಿ ತೆಗೆದವು, ಆದ್ದರಿಂದ ಹೊಂದಿಕೊಂಡವು. ಇಲ್ಲಿ ಆ ಮೂರೂ ಬೇರೆಯಾಗಿವೆ.

ಎತ್ತರದ ಲೆಕ್ಕ ಬೇಕು, ಆದರೆ ಅದರಿಂದಷ್ಟೇ ಕೆಲಸವಾಗುವುದಿಲ್ಲ. ಸಮನೆಲದಲ್ಲಿ 120 ಸೆಂ.ಮೀ. ಎತ್ತರದಲ್ಲಿಟ್ಟ ಕ್ಯಾಮೆರಾಕ್ಕೆ, ಹತ್ತಿರ ನಿಂತವರಾಗಲಿ ದೂರ ನಿಂತವರಾಗಲಿ, ಪ್ರತಿಯೊಬ್ಬರ ಮೈಯಲ್ಲಿ ನೆಲದಿಂದ 120 ಸೆಂ.ಮೀ. ಮೇಲಿರುವ ಬಿಂದು ಒಂದೇ ಅಡ್ಡಗೆರೆಯ ಮೇಲೆ ಬೀಳುತ್ತದೆ. ನೀವು ಹೊಂದಿಸಬೇಕಾದದ್ದು ಪಾದಗಳನ್ನಲ್ಲ, ಈ ಗೆರೆಯನ್ನು. ಮೂರು ಮೀಟರ್ ದೂರದ ಮುಂದಿನ ಸಾಲಿನಲ್ಲಿ ಒಂದು ಮೀಟರ್ 1000 ಪಿಕ್ಸೆಲ್ ಆಗಿದ್ದರೆ, ನಾಲ್ಕು ಮೀಟರ್ ದೂರದ ಹಿಂದಿನ ಸಾಲಿನಲ್ಲಿ ಅದು 750 ಆಗುತ್ತದೆ. ಅಲ್ಲಿ ನಿಂತ 180 ಸೆಂ.ಮೀ. ಎತ್ತರದವರು 1350 ಪಿಕ್ಸೆಲ್ ಆಗುತ್ತಾರೆ, ಅವರ ಗೆರೆ ಪಾದದಿಂದ 900 ಪಿಕ್ಸೆಲ್ ಮೇಲಿರುತ್ತದೆ. ಗೆರೆಗಳನ್ನು ಕೂಡಿಸಿದಾಗ ಅವರ ಪಾದ ಮುಂದಿನವರ ಪಾದಕ್ಕಿಂತ 300 ಪಿಕ್ಸೆಲ್ ಮೇಲೆ ಬರಬೇಕು. ಅದನ್ನು ಕೆಳಗೆಳೆದು ಸಮಮಾಡಿದರೆ ಆಳ ಕಳೆದುಹೋಗಿ, ಮುಂದೆಯೇ ನಿಂತ ಕುಳ್ಳಗಿನವರಂತೆ ಕಾಣುತ್ತಾರೆ. ಪಾದದಡಿಯಲ್ಲಿ ಕಿರಿದಾದ ಗಾಢ ನೆರಳಿಲ್ಲದಿದ್ದರೂ ತೇಲಿದಂತೆ ಅನ್ನಿಸುತ್ತದೆ, ಆದರೆ ಅದನ್ನು ಕೊನೆಯಲ್ಲಿ ಬಿಡಿಸಬಹುದು.

ತಲೆ ದೊಡ್ಡದೆನಿಸುವುದಕ್ಕೆ ಕಾರಣ ಬಹುಶಃ ಫೋಟೊವನ್ನು ಮುಖದ ಎತ್ತರದಿಂದ, ತೀರ ಹತ್ತಿರದಲ್ಲಿ ತೆಗೆದಿರುವುದು. ಹತ್ತಿರದಿಂದ ಬಂದ ಈ ಆಕಾರವನ್ನು ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ತಿದ್ದಲಾಗದು.

ಸಾಧ್ಯವಾದರೆ ಮತ್ತೊಮ್ಮೆ ತೆಗೆಸಿ. ಎಲ್ಲರೂ ಮೊಬೈಲಿನ ಹಿಂಬದಿಯ ಮುಖ್ಯ ಕ್ಯಾಮೆರಾವನ್ನೇ ಬಳಸಿ, ಅದನ್ನು 120 ಸೆಂ.ಮೀ. ಎತ್ತರದಲ್ಲಿ ಓರೆಯಾಗದಂತೆ ನೆಟ್ಟಗೆ ನಿಲ್ಲಿಸಲಿ. ಮುಂದಿನ ಸಾಲಿನವರು ಮೂರು ಮೀಟರ್, ಹಿಂದಿನವರು ನಾಲ್ಕು ಮೀಟರ್ ದೂರ ನಿಲ್ಲಲಿ. ದೊಡ್ಡ ಕಿಟಕಿ ಕ್ಯಾಮೆರಾದ ಎಡಗಡೆಗೆ, ನಿಂತವರಿಂದ ಸುಮಾರು ಒಂದೂವರೆ ಮೀಟರ್ ದೂರದಲ್ಲಿರಲಿ; ನೇರ ಬಿಸಿಲು ಬೀಳದ ಹೊತ್ತನ್ನು ಆರಿಸಿಕೊಂಡು ಮನೆಯ ದೀಪಗಳನ್ನೆಲ್ಲ ಆರಿಸಿರಲಿ. ಮುಖದ ಬಳಿ ಬಿಳಿ ಹಾಳೆ ಹಿಡಿದ ಒಂದು ಫೋಟೊ ಹೆಚ್ಚುವರಿಯಾಗಿದ್ದರೆ ಬಣ್ಣ ಹೊಂದಿಸಲು ಆಧಾರ ಸಿಗುತ್ತದೆ. ಹಿನ್ನೆಲೆ ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಬೇಡ, ಅದು ಕೂದಲಿನ ಅಂಚನ್ನು ನುಂಗಿಬಿಡುತ್ತದೆ.

ಅಳತೆಪಟ್ಟಿ
ಒಪ್ಪಿದೆ. ಹಾಗಿದ್ದರೆ ಹಿಂದಿನ ಗೋಡೆಗೆ ಮೀಟರ್ ಪಟ್ಟಿಯೊಂದನ್ನು ಅಂಟಿಸಲಿ, ಎತ್ತರವನ್ನು ಊಹಿಸುವ ಅಗತ್ಯವೇ ಇರುವುದಿಲ್ಲ.

ಕಿಟಕಿಬೆಳಕು
ಪಟ್ಟಿ ಗೋಡೆಯ ಮೇಲಲ್ಲ, ಪಾದದ ಪಕ್ಕದಲ್ಲೇ ನಿಂತಿರಬೇಕು. ಮೂರು ಮೀಟರಿನಲ್ಲಿ ನಿಂತವರಿಗಿಂತ ಗೋಡೆ ಒಂದು ಮೀಟರ್ ಹಿಂದಿದ್ದರೆ, ಅದರ ಮೇಲಿನ ಪಟ್ಟಿಯನ್ನು ನಂಬಿ ಅಳತೆ ಹೊಂದಿಸಿದವರು ಇರಬೇಕಾದುದಕ್ಕಿಂತ ಮೂರನೇ ಒಂದು ಪಾಲು ದೊಡ್ಡವರಾಗುತ್ತಾರೆ.

ಐವರಲ್ಲೊಬ್ಬ
ನಾನೂ ಸೇರಿ ನಾಲ್ವರು ಮತ್ತೆ ತೆಗೆಸಲು ಸಿದ್ಧರಿದ್ದೇವೆ. ಆದರೆ ಅವರಲ್ಲಿ ಒಬ್ಬರ ಮನೆಯಲ್ಲಿ ಕಿಟಕಿ ಬಲಕ್ಕೆ ಮಾತ್ರ ಸಿಗುತ್ತದೆ. ಐದನೆಯವರದು ತಾವೇ ಕೈಚಾಚಿ ತೆಗೆದುಕೊಂಡ ಹಳೆಯ ಫೋಟೊ ಒಂದೇ ಇದೆ.

ಕಿಟಕಿಬೆಳಕು
ಬಲದ ಕಿಟಕಿಯವರ ಚಿತ್ರವನ್ನು ಎಡಬಲ ಮಗುಚಿ. ಬೈತಲೆ, ಗುಂಡಿ ಪಟ್ಟಿ, ಕೈಗಡಿಯಾರ ಇವು ತಿರುಗಿರುವುದನ್ನು ಆಪ್ತರು ಗುರುತಿಸುತ್ತಾರೆ, ಆದ್ದರಿಂದ ಗುಂಡಿಯಿಲ್ಲದ, ಅಕ್ಷರವಿಲ್ಲದ ಉಡುಪು ಧರಿಸಲಿ, ಗಡಿಯಾರ ಕಟ್ಟದಿರಲಿ. ಕಣ್ಣಿನಲ್ಲಿ ಹೊಳೆಯುವ ಕಿಟಕಿಯ ಪ್ರತಿಬಿಂಬ ನಾಲ್ವರಲ್ಲೂ ಒಂದೇ ಕಡೆಗಿದೆಯೇ ಎಂದು ದೊಡ್ಡದಾಗಿಸಿ ನೋಡಿ. ಬೆಳಕಿನ ದಿಕ್ಕು ಕೂಡಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಐದನೆಯವರ ಫೋಟೊವನ್ನು ಈ ಸಾಲಿಗೆ ಸೇರಿಸುವ ದಾರಿ ನನಗೆ ಕಾಣುತ್ತಿಲ್ಲ.

ಹಳೆಯ ಆಲ್ಬಮ್
ಅದನ್ನು ಮುದ್ರಿಸಿ, ಚೌಕಟ್ಟು ಹಾಕಿ, ನಾಲ್ವರಲ್ಲಿ ಒಬ್ಬರು ಕೈಯಲ್ಲಿ ಹಿಡಿದು ನಿಂತರಾಗದೇ?

ಐವರಲ್ಲೊಬ್ಬ
ಅಗಲಿದವರ ಚಿತ್ರ ಹಿಡಿದಂತೆ ಕಾಣಬಹುದೆಂಬ ಅಳುಕಿದೆ. ಅವರನ್ನೇ ಕೇಳುತ್ತೇನೆ, ಅಲ್ಲಿಯವರೆಗೆ ಹಿಂದಿನ ಸಾಲಿನಲ್ಲಿ ಒಬ್ಬರ ಜಾಗವನ್ನು ತೆರವಾಗಿಟ್ಟು ಉಳಿದವರನ್ನು ಜೋಡಿಸುತ್ತೇನೆ.