ಜೆಲ್ ಹಚ್ಚಿದ ದಿನವೆಲ್ಲ ಕಾಲರಿನ ಮೇಲೆ ಬಿಳಿ ಪುಡಿ: ತೆಳು ಕೂದಲಿಗೆ ಪೇಸ್ಟ್, ವ್ಯಾಕ್ಸ್, ಪೊಮೇಡ್‌ಗಳಲ್ಲಿ ಯಾವುದು ಸರಿ?

ಆಲ್ದೂರು_ಬೈಕ್:
ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಚೇರಿಯಲ್ಲಿ ಲೆಕ್ಕ ಬರೆಯುವವನು. ದಿನವೂ ಆಲ್ದೂರಿನಿಂದ ಹೆಲ್ಮೆಟ್ ಧರಿಸಿ ಬೈಕಿನಲ್ಲಿ ಬರುತ್ತೇನೆ. ನನ್ನ ಕೂದಲು ನೇರವಾಗಿದೆ, ಎಳೆ ಸಣ್ಣದು, ನೆತ್ತಿಯ ಬಳಿ ಸ್ವಲ್ಪ ವಿರಳವಾಗಿದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವಿದೆ. ಬೆಳಿಗ್ಗೆ ಬರೀ ನೀರಿನಲ್ಲಿ ತಲೆ ತೊಳೆದು, ಒದ್ದೆ ಕೂದಲಿಗೆ 'ಸ್ಟ್ರಾಂಗ್ ಹೋಲ್ಡ್' ಎಂದು ಬರೆದಿರುವ ಜೆಲ್ ಹಚ್ಚಿ, ಪಕ್ಕ ಬೈತಲೆ ತೆಗೆದು ಹೊರಡುತ್ತೇನೆ. ಕಚೇರಿಯಲ್ಲಿ ಹೆಲ್ಮೆಟ್ ತೆಗೆದು ಇನ್ನೊಮ್ಮೆ ಬಾಚಿಕೊಂಡರೆ, ಹನ್ನೊಂದು ಗಂಟೆಯ ಹೊತ್ತಿಗೆ ಕಾಲರಿನ ಮೇಲೆ ಬಿಳಿ ಪುಡಿ ಬಿದ್ದಿರುತ್ತದೆ. ತಲೆಹೊಟ್ಟೆಂದು ತಿಳಿದು ಅದಕ್ಕೆಂದೇ ಇರುವ ಶಾಂಪೂವನ್ನು ವಾರಕ್ಕೆರಡು ಸಲದಂತೆ ಒಂದು ತಿಂಗಳು ಬಳಸಿದೆ, ಏನೂ ಬದಲಾಗಲಿಲ್ಲ. ಅದರ ಜೊತೆಗೆ ಕೂದಲು ಎಳೆ ಎಳೆಯಾಗಿ ಅಂಟಿಕೊಂಡು ನಡುವೆ ನೆತ್ತಿ ಕಾಣುತ್ತದೆ. ನನಗೆ ಹೊಳಪು ಬೇಡ, ಸಂಜೆಯವರೆಗೆ ಬೈತಲೆ ನಿಂತರೆ ಸಾಕು. ಇನ್ನೂ ಗಟ್ಟಿಯಾದ ಜೆಲ್ ಕೊಳ್ಳಬೇಕೇ, ಅಥವಾ ಬೇರೆ ವಸ್ತುವಿಗೆ ಹೋಗಬೇಕೇ?

ಸಕಲೇಶಪುರದ_ಮಳೆ:
ಜೆಲ್ಲನ್ನು ಬಿಟ್ಟುಬಿಡಿ. ನಮ್ಮ ಕಡೆಯ ಹವೆಗೆ ಎಣ್ಣೆ ಆಧಾರಿತ ಪೊಮೇಡ್ ಒಂದೇ ಸರಿಯಾದದ್ದು. ಅದು ಒಣಗುವುದಿಲ್ಲ, ಆದ್ದರಿಂದ ಪುಡಿಯಾಗುವ ಪ್ರಶ್ನೆಯೇ ಬರುವುದಿಲ್ಲ. ಜುಲೈ ತಿಂಗಳ ಮಳೆಯೂ ಅದರ ಮೇಲಿಂದ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿ ಹೋಗುತ್ತದೆ. ನಾನು ಮೂರು ವರ್ಷಗಳಿಂದ ಅದನ್ನೇ ಬಳಸುತ್ತಿದ್ದೇನೆ.

ಗುಂಗುರು_ತಲೆ:
ಜೆಲ್ಲನ್ನು ಹೀಗೆ ಬಯ್ಯುವುದು ಸರಿಯಲ್ಲ. ನನ್ನದು ದಟ್ಟವಾದ ಗುಂಗುರು ಕೂದಲು, ಅದಕ್ಕೆ ಜೆಲ್ ಬಿಟ್ಟು ಬೇರೆ ಯಾವುದೂ ಹಿಡಿಯುವುದಿಲ್ಲ. ನೀರು ತೊಟ್ಟಿಕ್ಕುತ್ತಿರುವಾಗಲೇ ಹಚ್ಚಿ, ಅಂಗೈಯಲ್ಲಿ ಸುರುಳಿಗಳನ್ನು ಹಿಂಡಿ, ಪೂರ್ತಿ ಒಣಗುವವರೆಗೆ ಮುಟ್ಟದೆ ಬಿಡುತ್ತೇನೆ. ಕೊನೆಗೆ ಗರಿಗರಿಯಾದ ಪೊರೆಯನ್ನು ಕೈಯಿಂದ ಮೆಲ್ಲಗೆ ಹಿಸುಕಿ ಮುರಿದರೆ ಸುರುಳಿ ಮೃದುವಾಗಿ ಉಳಿಯುತ್ತದೆ. ಬಾಚಣಿಗೆಯನ್ನಂತೂ ತಾಗಿಸುವುದೇ ಇಲ್ಲ. ನಿಮಗೆ ತಲೆಹೊಟ್ಟಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ, ಜೆಲ್ಲಿನ ಮೇಲೆ ತಪ್ಪು ಹೊರಿಸಬೇಡಿ.

ಕತ್ತರಿ_ಹಾಸನ:
ನಾನು ಹಾಸನದಲ್ಲಿ ಕ್ಷೌರದ ಅಂಗಡಿ ನಡೆಸುತ್ತೇನೆ. ಈ ದೂರನ್ನು ಹೆಲ್ಮೆಟ್ ಹಾಕುವ ಗಿರಾಕಿಗಳಿಂದ ಆಗಾಗ ಕೇಳುತ್ತಿರುತ್ತೇನೆ. ಮೊದಲು ಆ ಪುಡಿ ಯಾವುದೆಂದು ನೋಡಿಬಿಡಿ. ಸ್ವಲ್ಪ ಪುಡಿಯನ್ನು ಬೆರಳಿನ ಮೇಲೆ ತೆಗೆದುಕೊಂಡು ಒಂದು ಹನಿ ನೀರು ಬಿಟ್ಟು ಉಜ್ಜಿ. ಕರಗಿ ಅಂಟಂಟಾದರೆ ಅದು ಒಣಗಿದ ಜೆಲ್. ಚರ್ಮದ ಹೊಟ್ಟು ಹಾಗೆ ಕರಗುವುದಿಲ್ಲ. ಜೆಲ್ ಹಚ್ಚದ ಭಾನುವಾರ ಪುಡಿ ಬೀಳುತ್ತದೆಯೇ ಎಂಬುದನ್ನೂ ಗಮನಿಸಿ.

ಜೆಲ್ ಎಂದರೆ ಹೆಚ್ಚಿನಂಶ ನೀರು, ಅದರಲ್ಲಿ ಪೊರೆ ಕಟ್ಟುವ ಪಾಲಿಮರ್. ನೀರು ಆರಿದಾಗ ಆ ಪೊರೆ ಗಟ್ಟಿಯಾಗಿ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಅದನ್ನು ಮುರಿದರೆ ಮತ್ತೆ ಕೂಡುವುದಿಲ್ಲ, ಚೂರಾಗಿ ಉದುರುತ್ತದೆ. ನೀವು ಅದನ್ನು ಹೆಲ್ಮೆಟ್ಟಿನ ಒಳಬಟ್ಟೆಯಿಂದ ಒಮ್ಮೆ, ಬಾಚಣಿಗೆಯಿಂದ ಇನ್ನೊಮ್ಮೆ ಮುರಿಯುತ್ತಿದ್ದೀರಿ. ರಾತ್ರಿಯ ಎಣ್ಣೆ ನೀರಿಗೆ ಹೋಗದೆ ಉಳಿದಿರುವುದರಿಂದ ಪೊರೆ ಎಳೆಗೆ ಸರಿಯಾಗಿ ಕಚ್ಚಿಕೊಳ್ಳುವುದೂ ಇಲ್ಲ. ಇನ್ನೂ 'ಸ್ಟ್ರಾಂಗ್' ಜೆಲ್ ತಂದರೆ ಪೊರೆ ಇನ್ನಷ್ಟು ಗಟ್ಟಿಯಾಗಿ ಪುಡಿ ಹೆಚ್ಚೀತೇ ಹೊರತು ಕಡಿಮೆಯಾಗದು. ಆದ್ದರಿಂದ ನೀವು ಕೇಳಬೇಕಾದದ್ದು ಹಿಡಿತ ಎಷ್ಟು ಎಂದಲ್ಲ, ಹಚ್ಚಿದ್ದು ಒಣಗಿ ಗಟ್ಟಿಯಾಗುತ್ತದೆಯೋ ಅಥವಾ ಸಂಜೆಯವರೆಗೂ ಮಿದುವಾಗಿದ್ದು ಮತ್ತೆ ತಿದ್ದಿಕೊಳ್ಳಲು ಬಿಡುತ್ತದೆಯೋ ಎಂದು.

ಸಕಲೇಶಪುರದವರು ಹೇಳಿದ ಪೊಮೇಡ್ ಒಣಗುವುದಿಲ್ಲ ಎನ್ನುವುದು ನಿಜ, ಆದರೆ ಅದು ನಿಮ್ಮ ತಲೆಗೆ ಹೇಳಿದ್ದಲ್ಲ. ಅದರಲ್ಲಿ ಪೆಟ್ರೋಲಿಯಂ ಜೆಲ್ಲಿಯೇ ಮುಖ್ಯ; ಭಾರ ಹೆಚ್ಚು, ಹೊಳಪು ಹೆಚ್ಚು. ಎಳೆ ದಪ್ಪವಾಗಿದ್ದು ಎದ್ದು ನಿಲ್ಲುವ ದಟ್ಟ ಕೂದಲನ್ನು ಅದು ಚೆನ್ನಾಗಿ ಮಲಗಿಸುತ್ತದೆ. ತೆಳು ಕೂದಲನ್ನೂ ಹಾಗೆಯೇ ಮಲಗಿಸಿ, ಜಡೆಗಟ್ಟಿಸಿ, ನೆತ್ತಿಯನ್ನು ಇನ್ನಷ್ಟು ತೋರಿಸುತ್ತದೆ. ವ್ಯಾಕ್ಸ್ ಇವೆರಡರ ನಡುವಿನದು: ಜೇನುಮೇಣದಂಥವುಗಳಿಂದಾಗಿ ಹಿಡಿತ ಚೆನ್ನಾಗಿದೆ, ಮಧ್ಯಾಹ್ನ ಬೆರಳಾಡಿಸಿ ತಿದ್ದಿಕೊಳ್ಳಬಹುದು, ಹೊಳಪು ಡಬ್ಬಿಯಿಂದ ಡಬ್ಬಿಗೆ ಬೇರೆ. ಆದರೆ ಸ್ವಲ್ಪ ಹೆಚ್ಚಾದರೂ ಸಣ್ಣ ಎಳೆಗಳು ಅಂಟಿಕೊಳ್ಳುತ್ತವೆ.

ನಿಮಗೆ ನಾನು ಹೇಳುವುದು ಹೊಳಪಿಲ್ಲದ ಪೇಸ್ಟ್, ಅದರಲ್ಲೂ ಕೆಯೋಲಿನ್ ಎಂಬ ಬಿಳಿ ಜೇಡಿ ಬೆರೆತದ್ದು. ಜೇಡಿ ಎಣ್ಣೆಯಂಶವನ್ನು ಹೀರುತ್ತದೆ, ಎಳೆಗಳ ನಡುವೆ ಸ್ವಲ್ಪ ಒರಟುತನ ತಂದು ಕೂದಲು ದಟ್ಟವಾಗಿರುವಂತೆ ಕಾಣಿಸುತ್ತದೆ. ಡಬ್ಬಿಯ ಮುಂದಿನ ಹೆಸರನ್ನು ನಂಬಬೇಡಿ. ನೀರಿನಂತೆ ತಿಳಿಯಾದ ಜೆಲ್ಲನ್ನೂ 'ವ್ಯಾಕ್ಸ್' ಎಂದು ಮಾರುವವರಿದ್ದಾರೆ. ಹಿಂದಿನ ಚೀಟಿಯಲ್ಲಿ ಘಟಕಗಳ ಪಟ್ಟಿಯ ಆರಂಭವನ್ನು ಓದಿ: ಪೆಟ್ರೋಲೇಟಮ್ ಮೊದಲಿದ್ದರೆ ಅದು ಎಣ್ಣೆಯ ಜಾತಿ, ನೀರು ಮೊದಲಿದ್ದು ಮೇಣವೂ ಕೆಯೋಲಿನ್ನೂ ಹಿಂಬಾಲಿಸಿದ್ದರೆ ನಿಮಗೆ ಬೇಕಾದದ್ದು.

ರಾತ್ರಿಯ ಎಣ್ಣೆಯನ್ನು ರಜೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ. ಟವೆಲಿನಿಂದ ಒರೆಸಿ, ಕೂದಲು ಬಹುಮಟ್ಟಿಗೆ ಒಣಗಿದ ಮೇಲೆ, ಬಟಾಣಿ ಕಾಳಿಗಿಂತ ಕಡಿಮೆ ಪೇಸ್ಟನ್ನು ಅಂಗೈಗಳ ನಡುವೆ ಕಣ್ಣಿಗೆ ಕಾಣದಷ್ಟು ಉಜ್ಜಿ ಬಿಸಿ ಮಾಡಿ, ಹಿಂದಲೆಯಿಂದ ಆರಂಭಿಸಿ ಮುಂದಲೆಗೆ ಕೊನೆಯಲ್ಲಿ ಬನ್ನಿ. ಎಲ್ಲರೂ ಮುಂದಲೆಯಿಂದಲೇ ಶುರುಮಾಡುತ್ತಾರೆ, ಅರ್ಧ ಡಬ್ಬಿ ಅಲ್ಲೇ ಕೂರುತ್ತದೆ.

ಸಕಲೇಶಪುರದ_ಮಳೆ:
ನನ್ನ ಕೂದಲು ಹಂದಿಮುಳ್ಳಿನಂತೆ ದಪ್ಪ ಎನ್ನುವುದನ್ನು ಹೇಳಲು ಮರೆತೆ, ಒಪ್ಪಿದೆ. ಆದರೆ ನೀರು ಮೊದಲಿರುವ ಪೇಸ್ಟ್ ಮಳೆಗೆ ನಿಲ್ಲುತ್ತದೆಯೇ?

ಕತ್ತರಿ_ಹಾಸನ:
ಜಡಿಮಳೆಗೆ ನಿಲ್ಲುವುದಿಲ್ಲ, ಕೂದಲು ಗಂಟುಗಂಟಾಗುತ್ತದೆ. ತುಂತುರಿಗೆ ಮಾತ್ರ ತಡೆದೀತು. ಮಳೆಯ ವಿಷಯದಲ್ಲಿ ನಿಮ್ಮ ಪೊಮೇಡೇ ಮೇಲು, ಅದನ್ನು ತೊಳೆಯುವ ತಾಳ್ಮೆ ಇರಬೇಕಷ್ಟೆ. ಮೊದಲು ನೀರು ಹಾಕದೆ, ಒಣ ಕೂದಲಿಗೇ ಶಾಂಪೂ ತಿಕ್ಕಿ ಆಮೇಲೆ ನೀರು ಹಾಕಿದರೆ ಬೇಗ ಬಿಡುತ್ತದೆ.

ಆಲ್ದೂರು_ಬೈಕ್:
ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಪುಡಿ ನೀರಿನಲ್ಲಿ ಕರಗಿ ಅಂಟಾಯಿತು. ಜೆಲ್ ನಿಲ್ಲಿಸಿದ ಮೂರನೆಯ ದಿನದಿಂದ ಕಾಲರ್ ಶುಭ್ರವಾಗಿದೆ. ಜೇಡಿ ಬೆರೆತ ಪೇಸ್ಟ್ ಕೊಂಡೆ. ಮೊದಲ ದಿನ ಬಟಾಣಿಯಷ್ಟು ಹಚ್ಚಿದ್ದಕ್ಕೆ ತಲೆ ಮೂರು ದಿನ ತೊಳೆಯದಂತೆ ಕಂಡಿತು, ಅರ್ಧಕ್ಕಿಳಿಸಿದ ಮೇಲೆ ಸರಿಹೋಯಿತು. ನೆತ್ತಿ ಮೊದಲಿನಷ್ಟು ಕಾಣುವುದಿಲ್ಲ. ಆದರೆ ಹೆಲ್ಮೆಟ್ ತೆಗೆದಾಗ ಮುಂದಲೆ ಈಗಲೂ ಚಪ್ಪಟೆಯಾಗಿರುತ್ತದೆ. ಬೆರಳಾಡಿಸಿದರೆ ಮುಕ್ಕಾಲು ಪಾಲು ಏಳುತ್ತದೆ, ಪೂರ್ತಿ ಏಳುವುದಿಲ್ಲ.

ಕತ್ತರಿ_ಹಾಸನ:
ಮನೆಯಲ್ಲಿ ಏನೂ ಹಚ್ಚದೆ ಹೊರಟು, ಕಚೇರಿ ತಲುಪಿದ ಮೇಲೆ ಒದ್ದೆ ಬೆರಳುಗಳಿಂದ ಬುಡವನ್ನು ಎತ್ತಿ, ಆರಿದ ಮೇಲೆ ಪೇಸ್ಟ್ ಹಚ್ಚಿ ನೋಡಿ.

ಗುಂಗುರು_ತಲೆ:
ನನ್ನ ತಮ್ಮ ಹಾಗೆಯೇ ಮಾಡುತ್ತಿದ್ದ. ಹೆಲ್ಮೆಟ್ಟಿನ ಬೆವರು ಆರುವ ಮೊದಲೇ ಹಚ್ಚಿದರೆ ಪೇಸ್ಟ್ ಹಿಡಿಯುವುದಿಲ್ಲವೆಂದು ಈಗ ಮನೆಯಲ್ಲೇ ಹಚ್ಚಿ, ಹೆಲ್ಮೆಟ್ಟಿನೊಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಂಡು ಹೋಗುತ್ತಾನೆ. ಅವನ ಮುಂದಲೆಯೂ ಚಪ್ಪಟೆಯೇ.

ಆಲ್ದೂರು_ಬೈಕ್:
ಸೋಮವಾರದಿಂದ ಒಂದು ವಾರ ಕಚೇರಿಯಲ್ಲೇ ಹಚ್ಚಿ ನೋಡುತ್ತೇನೆ, ಏನಾಯಿತೆಂದು ಇಲ್ಲೇ ಬರೆಯುತ್ತೇನೆ. ಅರ್ಧ ಉಳಿದಿರುವ ಜೆಲ್ ಡಬ್ಬಿ ಗುಂಗುರು ಕೂದಲಿನವರಿಗೆ ಬೇಕಾದರೆ ತಿಳಿಸಿ.