ಸುಮ್ಮನೆ ನಿಂತಿದ್ದಕ್ಕೂ ಕೇಸ್ ಆಗುತ್ತಾ?

ಪ್ರಶ್ನೆ (ಗದಗ ತಾಲೂಕಿನಿಂದ): ಹೋದ ತಿಂಗಳು ಪಕ್ಕದ ಹೊಲದ ಕೃಷಿ ಹೊಂಡಕ್ಕೆ ನಾಲ್ಕು ವರ್ಷದ ಮಗು ಬಿತ್ತು. ನಾನು ಬದುವಿನ ಮೇಲಿದ್ದೆ. ಈಜು ಬರಲ್ಲ. ಕೂಗುತ್ತಾ ಓಡಿ ಜನರನ್ನು ಕರೆತಂದೆ, ಮಗು ಉಳಿಯಲಿಲ್ಲ. "ನೋಡ್ತಾ ನಿಂತಿದ್ದಿ, ಕೇಸ್ ಹಾಕ್ತೀವಿ" ಅಂತಿದ್ದಾರೆ. ಆಗುತ್ತಾ ಸರ್?

ಹಾವೇರಿಯ ಸದಸ್ಯ: ಆಗುತ್ತೆ ಅಕ್ಕಾ. ಭಾರತೀಯ ನ್ಯಾಯ ಸಂಹಿತೆಯ 3ನೇ ಕಲಂ ಪ್ರಕಾರ ಮಾಡದೆ ಬಿಟ್ಟಿದ್ದೂ ಕೃತ್ಯವೇ.

ಧಾರವಾಡದ ವಕೀಲರು: ತಮ್ಮಾ, ನೀವು ಅರ್ಧ ಓದಿದ್ದೀರಿ. ಅಲ್ಲಿರುವುದು 'ಕಾನೂನುಬಾಹಿರ ಲೋಪ'. ಮಾಡಲೇಬೇಕು ಎಂದು ಕಾನೂನು ಹೊರಿಸಿದ್ದನ್ನು ಬಿಟ್ಟರೆ ಮಾತ್ರ ಅದು ಲೋಪ. ದಾರಿಯಲ್ಲಿ ಹೋಗುವವರು ಅಪರಿಚಿತ ಮಗುವನ್ನು ಉಳಿಸಲೇಬೇಕೆಂಬ ಸಾಮಾನ್ಯ ಹೊಣೆ ನಮ್ಮ ದಂಡ ಕಾನೂನಿನಲ್ಲಿ ಇಲ್ಲ. ಮನಸ್ಸಿಗೆ ಕಹಿ ಅನ್ನಿಸುತ್ತೆ, ಆದರೆ ಹಾಗೇ ಇದೆ. ಹೆತ್ತವರ ಮಾತು ಬೇರೆ. ಮಗುವಿಗೆ ಬೇಕಂತಲೇ ಊಟ ಕೊಡದೆ ಸಾಯಿಸಿದರೆ ಕೊಲೆ ಕೇಸೇ ಆಗಬಹುದು. ಅಕ್ಕಾರೆ, ಆ ಮಗು ಆಗ ಯಾರ ವಶದಲ್ಲಿತ್ತು?

ಕೇಳಿದವರು: ಅದರ ತಾಯಿ ಕಳೆ ತೆಗೆಯೋಕೆ ಹೋಗುವಾಗ "ಸ್ವಲ್ಪ ನೋಡ್ಕೋ ಅಕ್ಕಾ" ಅಂದಳು. ನಾನು "ಹೂಂ" ಅಂದೆ.

ವಕೀಲರು: ಆ "ಹೂಂ" ಮುಖ್ಯ. ನಿಮ್ಮನ್ನು ನಂಬಿಯೇ ತಾಯಿ ಆಚೆ ಹೋದಳು, ಅಲ್ವಾ? ಹಾಗಾಗಿ ಹೊಣೆ ಇತ್ತು ಎಂದು ಅವರು ವಾದಿಸಬಹುದು. ಆದರೆ ಹೊಣೆ ಇದ್ದ ಮಾತ್ರಕ್ಕೆ ಅಪರಾಧ ಆಗಲ್ಲ. 106(1)ನೇ ಕಲಂ, ಅಂದರೆ ನಿರ್ಲಕ್ಷ್ಯದಿಂದ ಸಾವು, ಗರಿಷ್ಠ 5 ವರ್ಷ ಶಿಕ್ಷೆ ಇರುವಂಥದ್ದು. ಅಲ್ಲಿ ಎರಡು ಮಾತು ಸಾಬೀತಾಗಬೇಕು. ನೀವು ತೀರಾ ಬೇಜವಾಬ್ದಾರಿಯಿಂದ ನಡೆದಿರಿ, ಮತ್ತು ಅದರಿಂದಲೇ ಸಾವು ಬಂತು ಅಂತ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲಲ್ಲ, ಈಜು ಬಂದವರಿಗೂ ಮೇಲೆ ಬರೋದು ಕಷ್ಟ. ನೀವು ಹಾರಬೇಕಿತ್ತು ಎಂದು ಯಾವ ಕೋರ್ಟೂ ಕೇಳಲಿಕ್ಕಿಲ್ಲ. ಪಕ್ಕದಲ್ಲೇ ಪಂಪಿನ ಹಗ್ಗ ಬಿದ್ದಿದ್ದು ಎಸೆಯಲಿಲ್ಲವಾ, ಮಗು ಹೊಂಡದ ಕಡೆ ಹೋಗುವಾಗ ನೀವೆಲ್ಲಿದ್ದಿರಿ, ಎಷ್ಟು ಹೊತ್ತು ಕಣ್ಣು ತಪ್ಪಿತು, ಇದನ್ನೇ ಕೇಳ್ತಾರೆ. ಯಾರಿಗೆ, ಎಷ್ಟು ಗಂಟೆಗೆ ಫೋನ್ ಮಾಡಿದಿರಿ ಎಂಬುದನ್ನು ಮೊಬೈಲಿನಿಂದ ಅಳಿಸಬೇಡಿ. ಓಡಿ ಬಂದವರ ಹೆಸರು ಬರೆದಿಡಿ.

ಹುಬ್ಬಳ್ಳಿಯ ಸದಸ್ಯ: ಸರ್, ನಾನು ಆಕ್ಸಿಡೆಂಟ್ ಆದವನನ್ನು ಆಸ್ಪತ್ರೆಗೆ ಸೇರಿಸಿದ್ದೆ. ನನ್ನ ಮೇಲೂ ಕೇಸ್ ಬರುತ್ತಾ?

ವಕೀಲರು: ನಿಮ್ಮದು ಬೇರೆ ವಿಷಯ. ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ರಕ್ಷಣೆ ಕೊಡುತ್ತೆ. ಅದೇ ಗುದ್ದಿದ ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸದೆ ಓಡಿಹೋದರೆ 134ರ ಹೊಣೆ ಮುರಿದಂತೆ, ಅದು ಅಪರಾಧ.

ಕೇಳಿದವರು: ಹೊಂಡಕ್ಕೆ ಬೇಲಿ ಹಾಕದ ಹೊಲದವನ ಗತಿ?

ವಕೀಲರು: ಅವನೇ ಅಪಾಯ ಹುಟ್ಟಿಸಿದವನು, ಆದ್ದರಿಂದ ಅವನ ಹೊಣೆ ನಿಮ್ಮದಕ್ಕಿಂತ ಜಾಸ್ತಿ ಅಂತ ನನ್ನ ಅಭಿಪ್ರಾಯ. ಆದರೆ ಮಕ್ಕಳು ಅಲ್ಲಿ ಓಡಾಡ್ತಾರೆ ಎಂದು ಅವನಿಗೆ ಗೊತ್ತಿತ್ತಾ, ಆ ಕಾಲುದಾರಿ ಯಾರ ಜಾಗದ್ದು, ಇದು ತಿಳಿಯದೆ ಹೇಳಲಾರೆ. ಎಫ್‌ಐಆರ್ ಆಗಿದ್ದರೆ ಪ್ರತಿ ತೆಗೆದುಕೊಂಡು ಬನ್ನಿ ಅಕ್ಕಾರೆ.